‘ಹಟ್’ ಹೋಗಿ ‘ಹಟ್ಟು’ ಆದರೆ ರೋಗಿಯ ಜ್ವರ ಇಳಿದುಬಿಡುತ್ತದೆ

ಪ್ರಶ್ನೆ: ಮೇಡಂ, ನಾನು ಹಾಸನದವಳು, ನರ್ಸ್. ಜರ್ಮನಿಗೆ ಹೋಗೋಕೆ ಜರ್ಮನ್ ಕಲೀತಾ ಇದ್ದೀನಿ. ಗ್ರಾಮರ್‌ನಲ್ಲಿ ಒಳ್ಳೆ ಮಾರ್ಕ್ಸ್ ಬರುತ್ತೆ, ಮಾತಾಡೋದ್ರಲ್ಲಿ ಕಡಿಮೆ. ಪ್ರತಿ ಪದದ ಕೊನೆಗೂ ಏನೋ ಸೇರಿಸ್ತೀಯ ಅಂತ ಟೀಚರ್ ಹೇಳ್ತಾರೆ. ನನಗೆ ಅದು ಕೇಳಿಸೋದೇ ಇಲ್ಲ. ಟ, ಡ ಕೂಡ ಸರಿ ಇಲ್ಲವಂತೆ. ನಾನು ಪದಗಳನ್ನ ಕನ್ನಡದಲ್ಲಿ ಬರೆದುಕೊಂಡು ಓದ್ತೀನಿ. ಅದೇ ತಪ್ಪಾ?

ಉತ್ತರ: ನಿಮ್ಮ ಟೀಚರ್ ಹೇಳುವ ಆ ‘ಏನೋ’ ನಮ್ಮ ಉಕಾರ. ಬಸ್ ಎಂಬುದನ್ನು ಬಸ್ಸು ಮಾಡುವ, ಕಾರ್ ಎಂಬುದನ್ನು ಕಾರು ಮಾಡುವ ಅದೇ ಉ. ನಿಮಗೆ ಅದು ಕೇಳಿಸದಿರುವುದು ಸಹಜ. ಕನ್ನಡದಲ್ಲಿ ‘ಬಸ್ ಬಂತು’ ಎಂದರೂ ‘ಬಸ್ಸು ಬಂತು’ ಎಂದರೂ ಬರುವುದು ಒಂದೇ ಬಸ್ಸು. ಅರ್ಥ ಬದಲಾಗದ ವ್ಯತ್ಯಾಸವನ್ನು ಕಿವಿ ಗಮನಿಸುವುದನ್ನೇ ಬಿಟ್ಟಿರುತ್ತದೆ. ಜರ್ಮನ್ನರ ಕಿವಿ ಹಾಗಲ್ಲ. ಪದದ ಕೊನೆಯಲ್ಲಿ ಒಂದು ಚಿಕ್ಕ ಸ್ವರ ಇದೆಯೋ ಇಲ್ಲವೋ ಎಂಬುದರ ಮೇಲೆ ಅವರು ಕಾಲವನ್ನೇ ತೀರ್ಮಾನ ಮಾಡುತ್ತಾರೆ.

ನಿಮ್ಮ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಜರ್ಮನ್‌ನಲ್ಲಿ ‘ಹಟ್’ ಎಂದರೆ ‘ಇದೆ’. ‘ಹಟೆ’ ಎಂದರೆ ‘ಇತ್ತು’. ‘ಹಟ್ ಫೀಬ’ ಅಂದರೆ ಜ್ವರ ಇದೆ, ‘ಹಟೆ ಫೀಬ’ ಅಂದರೆ ಜ್ವರ ಇತ್ತು. ಹಾಗೆಯೇ ‘ಬ್ರೌಖ್ಟ್’ ಎಂದರೆ ‘ಬೇಕು’, ‘ಬ್ರೌಖ್ಟೆ’ ಎಂದರೆ ‘ಬೇಕಾಗಿತ್ತು’. ಈಗ ನೀವು ಶಿಫ್ಟ್ ಮುಗಿಸಿ ಮುಂದಿನ ನರ್ಸಿಗೆ ರೋಗಿಯನ್ನು ಒಪ್ಪಿಸುತ್ತಿದ್ದೀರಿ ಎಂದುಕೊಳ್ಳಿ. ಹೇಳಬೇಕಾದ್ದು ಇಷ್ಟು: ‘ಡೇಅ ಪಾಟ್ಸಿಯೆಂಟ್ ಹಟ್ ಫೀಬ. ಏಅ ಬ್ರೌಖ್ಟ್ ವಸ.’ ರೋಗಿಗೆ ಜ್ವರ ಇದೆ, ಅವರಿಗೆ ನೀರು ಬೇಕು. ನಮ್ಮ ಕಡೆಯ ಹೊಸ ವಿದ್ಯಾರ್ಥಿಗಳ ಬಾಯಲ್ಲಿ ಅದು ಹೀಗೆ ಬರುತ್ತದೆ: ‘ಡೇರು ಪೇಷೆಂಟು ಹಟ್ಟು ಫೀಬರು. ಯೇರು ಬ್ರೌಕ್ಟು ವಸ್ಸರು.’ ಎದುರಿನವರು ಅರ್ಥ ಮಾಡಿಕೊಳ್ಳುವುದು: ರೋಗಿಗೆ ಜ್ವರ ಇತ್ತು, ನೀರು ಬೇಕಾಗಿತ್ತು. ಅಂದರೆ ಈಗ ಜ್ವರ ಬಿಟ್ಟಿದೆ, ನೀರೂ ಬೇಡ.

ನೀವು ‘ಉ’ ಹೇಳಿದರೆ ಅವರಿಗೆ ‘ಎ’ ಯಾಕೆ ಕೇಳಿಸುತ್ತದೆ ಎಂದು ಕೇಳಬಹುದು. ಎರಡು ಕಾರಣ. ಮಾತಿನ ಓಘದಲ್ಲಿ ನಮ್ಮ ಕೊನೆಯ ಉ ಪೂರ್ತಿ ಉ ಆಗಿರುವುದಿಲ್ಲ. ‘ಬಸ್ಸು ಬಂತು’ ಎಂದು ಬೇಗ ಹೇಳಿ ನೋಡಿ, ತುಟಿ ದುಂಡಗಾಗುವುದೇ ಕಡಿಮೆ. ಅದು ಒಂದು ಮಸುಕು ಸ್ವರ. ಇತ್ತ ಜರ್ಮನ್ ಪದಗಳ ಕೊನೆಯ ‘ಎ’ ಕೂಡ ನಮ್ಮ ‘ಮನೆ’ಯ ಎ ಅಲ್ಲ. ಅದೂ ಒಂದು ಮಸುಕು ಸ್ವರವೇ. ಹಾಗಾಗಿ ನಮ್ಮ ಮಸುಕನ್ನು ಅವರು ತಮ್ಮ ಮಸುಕು ಎಂದುಕೊಳ್ಳುತ್ತಾರೆ.

ಈ ಉ ಬಂದದ್ದು ಎಲ್ಲಿಂದ ಎಂದು ತಿಳಿದರೆ ಅದು ಎಲ್ಲೆಲ್ಲಿ ಕಾಲಿಡುತ್ತದೆ ಎಂದು ಮೊದಲೇ ಹೇಳಬಹುದು. ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯುವ ಪದಗಳು ಬೇಕಾದಷ್ಟಿದ್ದವು. ಪಾಲ್, ಕಾಲ್, ಊರ್, ಕಣ್, ಕಲ್. ಆಮೇಲೆ ಇವೆಲ್ಲ ಬಾಲ ಬೆಳೆಸಿಕೊಂಡು ಹಾಲು, ಕಾಲು, ಊರು, ಕಣ್ಣು, ಕಲ್ಲು ಆದವು. ಸರಿಯಾಗಿ ನೋಡಿ. ಮೊದಲ ಸ್ವರ ಉದ್ದ ಇದ್ದಾಗ ಬರೀ ಉ ಬಂದಿದೆ. ಗಿಡ್ಡ ಇದ್ದಾಗ ವ್ಯಂಜನ ಎರಡಾಗಿ ಆಮೇಲೆ ಉ ಬಂದಿದೆ. ಈಗ ಇಂಗ್ಲಿಷಿನಿಂದ ಬಂದ ಪದಗಳನ್ನು ಪಕ್ಕದಲ್ಲಿಡಿ. ಕಾರು, ಬೈಕು, ರೋಡು, ಲೈಟು ಒಂದು ಕಡೆ. ಬಸ್ಸು, ಪೆನ್ನು, ಕಪ್ಪು ಇನ್ನೊಂದು ಕಡೆ. ಅದೇ ನಿಯಮ! ಯಾರೂ ಹೇಳಿಕೊಟ್ಟಿಲ್ಲ, ಆದರೂ ಕಲ್ಲಿಗೆ ಆದದ್ದೇ ಬಸ್ಸಿಗೂ ಆಗಿದೆ. ನಿಯಮ ಇವತ್ತಿಗೂ ಜೀವಂತ ಇದೆ ಎಂದ ಮೇಲೆ ಜರ್ಮನ್ ಪದ ಸಿಕ್ಕರೆ ಅದು ಸುಮ್ಮನೆ ಬಿಡುತ್ತದೆಯೇ? ‘ಹಟ್’ ಪದದ ಸ್ವರ ಗಿಡ್ಡ. ಆದ್ದರಿಂದ ‘ಹಟ್ಟು’. ‘ಟಾಕ್’ ಎಂದರೆ ದಿನ, ಅದರ ಸ್ವರ ಉದ್ದ. ಆದ್ದರಿಂದ ‘ಟಾಗು’.

ಈ ‘ಟಾಗು’ವಿನಲ್ಲಿ ಇನ್ನೊಂದು ತಮಾಷೆ ಇದೆ. ಪದವನ್ನು ಬರೆಯುವುದು ‘ಗ’ ಅಕ್ಷರದಿಂದಲೇ. ಆದರೆ ಜರ್ಮನ್ನರು ಪದದ ಕೊನೆಯಲ್ಲಿ ಗ, ಡ, ಬ ಹೇಳುವುದಿಲ್ಲ. ಅವು ಕ, ಟ, ಪ ಆಗಿಬಿಡುತ್ತವೆ. ಬಹುವಚನಕ್ಕೆ ಎ ಸೇರಿದ ಕೂಡಲೇ ಮೂಲ ದನಿ ವಾಪಸ್ ಬರುತ್ತದೆ. ಒಂದು ದಿನ ‘ಟಾಕ್’, ಹಲವು ದಿನ ‘ಟಾಗೆ’. ಒಂದು ನಾಯಿ ‘ಹುಂಟ್’, ಹಲವು ನಾಯಿ ‘ಹುಂಡೆ’. ಅಂದರೆ ಒಂದೋ ಹಲವೋ ಎಂದು ತಿಳಿಯಲು ಕೇಳುವವರಿಗೆ ಎರಡು ಗುರುತು ಸಿಗುತ್ತವೆ: ಕೊನೆಯ ಸ್ವರ ಮತ್ತು ಅದರ ಹಿಂದಿನ ವ್ಯಂಜನ. ನಾವು ಕಾಗುಣಿತ ನೋಡಿಕೊಂಡು ‘ಹುಂಡು’ ಎಂದಾಗ ಎರಡೂ ಗುರುತು ಬಹುವಚನದ ಕಡೆಗೇ ಬೆರಳು ತೋರಿಸುತ್ತವೆ. ಪುಣ್ಯಕ್ಕೆ ನಾಯಿಯ ಹಿಂದೆ ಸಾಮಾನ್ಯವಾಗಿ ‘ಒಂದು’, ‘ಆ’ ಎಂಬ ಪದ ಇರುತ್ತದೆ, ಅದನ್ನು ಕೇಳಿ ಎದುರಿನವರು ಸರಿಮಾಡಿಕೊಳ್ಳುತ್ತಾರೆ. ‘ಹಟ್’ ಮತ್ತು ‘ಬ್ರೌಖ್ಟ್’ ಪದಗಳಿಗೆ ಅಂಥ ಕಾವಲು ಇರುವುದಿಲ್ಲ. ಜ್ವರ ಇದೆ ಎನ್ನುವುದೂ ಸರಿಯಾದ ವಾಕ್ಯ, ಇತ್ತು ಎನ್ನುವುದೂ ಸರಿಯಾದ ವಾಕ್ಯ. ಆದ್ದರಿಂದ ನೀವು ಮೊದಲು ಕೈಹಾಕಬೇಕಾದ್ದು ಕ್ರಿಯಾಪದಗಳ ಕೊನೆಗೆ. ನಾಯಿ ಆಮೇಲೆ.

ಈಗ ಬಿಡಿಸಿಕೊಳ್ಳುವ ದಾರಿ. ನಮ್ಮ ಉ ಎಲ್ಲಾ ಕಡೆಯೂ ಬರುವುದಿಲ್ಲ ಎಂಬುದನ್ನು ಮೊದಲು ಗಮನಿಸಿ. ಶಾಲೆಯಲ್ಲಿ ಲೋಪಸಂಧಿ ಓದಿದ್ದೀರಿ ಅಲ್ವಾ? ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ಮುಂದೆ ಸ್ವರ ಬಂದರೆ ಉ ತಾನೇ ಜಾಗ ಬಿಡುತ್ತದೆ. ಜರ್ಮನ್‌ನಲ್ಲೂ ನೀವು ‘ಹಟ್ ಔಖ್ ಫೀಬ’ (ಜ್ವರವೂ ಇದೆ) ಎನ್ನುವಾಗ ಬಹುಶಃ ಸರಿಯಾಗಿಯೇ ಹೇಳುತ್ತಿರುತ್ತೀರಿ. ಕಷ್ಟ ಇರುವುದು ಮುಂದೆ ವ್ಯಂಜನ ಬಂದಾಗ ಮತ್ತು ವಾಕ್ಯ ನಿಲ್ಲುವ ಜಾಗದಲ್ಲಿ.

ಮುಂದೆ ವ್ಯಂಜನ ಬಂದಾಗ ಎರಡು ಪದಗಳನ್ನು ಒಂದೇ ಪದ ಮಾಡಿಕೊಳ್ಳಿ. ಪದದ ಕೊನೆಯಲ್ಲಿ ಮಾತ್ರ ನಮ್ಮ ನಾಲಿಗೆಗೆ ಬರಿ ವ್ಯಂಜನ ಕಷ್ಟ. ನಡುವೆ ಯಾವ ಕಷ್ಟವೂ ಇಲ್ಲ. ‘ಸತ್ಕಾರ’ ಎನ್ನುವಾಗ ಯಾರೂ ‘ಸತ್ತುಕಾರ’ ಎನ್ನುವುದಿಲ್ಲ. ಹಾಗೆಯೇ ‘ಹಟ್ಫೀಬ’ ಎಂದು ಒಂದೇ ಪದದ ಹಾಗೆ ಹೇಳಿ. ‘ಬ್ರೌಖ್ಟ್ವಸ’ ಸ್ವಲ್ಪ ಗಟ್ಟಿ ಕಡುಬು, ನಿಧಾನ ಹೇಳಿ, ಬರುತ್ತದೆ. ನೋಟ್‌ಬುಕ್‌ನಲ್ಲಿ ಪದಗಳನ್ನು ಬಿಡಿಬಿಡಿಯಾಗಿ ಬರೆದು ಬಾಯಿಪಾಠ ಮಾಡುವವರಿಗೆ ಈ ಉ ಬಿಡುವುದಿಲ್ಲ. ಬಿಡಿ ಪದ ಹೇಳಿದಾಗಲೆಲ್ಲ ಅದಕ್ಕೆ ಕೂರಲು ಜಾಗ ಸಿಗುತ್ತದೆ.

ವಾಕ್ಯದ ಕೊನೆಗೆ ಬೇರೆ ಉಪಾಯ. ‘ಹಟ್ಟು’ ಎಂದು ಹೇಳಲು ಹೊರಡಿ. ಆ ಒತ್ತಕ್ಷರದಲ್ಲಿ ಮೂರು ಹೆಜ್ಜೆ ಇವೆ. ನಾಲಿಗೆ ಮೇಲೆ ಹೋಗಿ ಗಾಳಿಗೆ ಬಾಗಿಲು ಹಾಕುತ್ತದೆ, ಒಂದು ಕ್ಷಣ ಹಾಗೇ ನಿಲ್ಲುತ್ತದೆ, ಆಮೇಲೆ ಬಿಟ್ಟು ಉ ಹೇಳುತ್ತದೆ. ನೀವು ಎರಡನೇ ಹೆಜ್ಜೆಯಲ್ಲಿ ನಿಂತುಬಿಡಿ. ಬಾಗಿಲು ಹಾಕಿಯೇ ಇರಲಿ. ಇದು ಅಭ್ಯಾಸವಾದ ಮೇಲೆ ಬಾಗಿಲು ತೆಗೆಯಿರಿ, ಆದರೆ ಹೊರಗೆ ಬರಬೇಕಾದ್ದು ಬರೀ ಉಸಿರು, ದನಿ ಅಲ್ಲ. ಗಂಟಲ ಮೇಲೆ ಎರಡು ಬೆರಳಿಟ್ಟುಕೊಳ್ಳಿ. ‘ಹ’ ಆದ ಮೇಲಿನ ‘ಅ’ ಬಂದಾಗ ಬೆರಳಿಗೆ ಗುಂಯ್ ಎನ್ನುತ್ತದೆ. ಟ್ ಬಂದ ಮೇಲೆ ಮತ್ತೆ ಗುಂಯ್ ಎಂದರೆ ಉ ನುಸುಳಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಪರದೆಯ ಮೇಲೆ ಅಲೆ ಕಾಣುತ್ತದಲ್ಲ, ಅದನ್ನೂ ನೋಡಿ. ‘ಹಟ್’ ಪದಕ್ಕೆ ಒಂದು ದೊಡ್ಡ ಉಬ್ಬು, ಅದರ ಹಿಂದೆ ಒಂದು ಸಣ್ಣ ಚುಕ್ಕೆಯಷ್ಟು ಗೀರು ಇರಬೇಕು. ಎರಡನೇ ಉಬ್ಬು ಕಂಡರೆ ಅದು ‘ಹಟ್ಟು’. ಕಿವಿಗೆ ಕೇಳಿಸದ್ದು ಕಣ್ಣಿಗೆ ಕಾಣಿಸುತ್ತದೆ. ನಿಮ್ಮಂತೆ ‘ನನಗೆ ಕೇಳಿಸೋದೇ ಇಲ್ಲ’ ಎನ್ನುವವರಿಗೆ ನಾನು ಮೊದಲು ಇದನ್ನೇ ಮಾಡಿಸುತ್ತೇನೆ.

ಒಂದು ಎಚ್ಚರಿಕೆ. ಕೊನೆಯ ಉ ಬಿಡಿಸಲು ಹೊರಟರೆ ಎರಡು ವಾರದಲ್ಲಿ ಕೆಲವರು ಇದ್ದಬದ್ದ ಸ್ವರಗಳನ್ನೆಲ್ಲ ನುಂಗಲು ಶುರು ಮಾಡುತ್ತಾರೆ. ‘ಹಟೆ’ ಎನ್ನಬೇಕಾದಲ್ಲೂ ‘ಹಟ್’. ಆಗ ಬಿಟ್ಟ ಜ್ವರ ವಾಪಸ್ ಬರುತ್ತದೆ! ಅದಕ್ಕೇ ಎರಡನ್ನೂ ಜೋಡಿಯಾಗಿಯೇ ಅಭ್ಯಾಸ ಮಾಡಬೇಕು. ಒಂದು ಚೀಟಿಯಲ್ಲಿ ‘ಇದೆ’, ಇನ್ನೊಂದರಲ್ಲಿ ‘ಇತ್ತು’ ಎಂದು ಬರೆದು, ಕಲಸಿ, ಒಂದನ್ನು ಎತ್ತಿ, ಅದರಂತೆ ಜರ್ಮನ್ ವಾಕ್ಯ ಹೇಳಿ. ಕೇಳುವವರು ಯಾವ ಚೀಟಿ ಎಂದು ಹೇಳಲಿ. ಹತ್ತಕ್ಕೆ ಒಂಬತ್ತು ಸಲ ಸರಿ ಬಂದರೆ ಮುಂದೆ ಹೋಗಿ. ಕೇಳುವವರು ಇನ್ನೊಬ್ಬ ಕನ್ನಡದ ವಿದ್ಯಾರ್ಥಿ ಆಗಿರಬಾರದು. ಅವರ ಕಿವಿಯೂ ನಿಮ್ಮ ಕಿವಿಯಂತೆಯೇ ಉದಾರ.

ಉಳಿಸಿಕೊಳ್ಳಬೇಕಾದ ಕೊನೆಯ ಸ್ವರಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. ನಿಮಗೆ ಮುಖ್ಯವಾದವು ಎರಡು. ‘ಇ’ ಅಕ್ಷರವೊಂದೇ ಬರೆದಿರುವ ಮಸುಕು ಎ, ಮತ್ತು ‘ಇ ಆರ್’ ಎಂದು ಬರೆದಿರುವ ಅ. (ಅಕ್ಷರಗಳ ಇಂಗ್ಲಿಷ್ ಹೆಸರನ್ನೇ ಹೇಳುತ್ತಿದ್ದೇನೆ.) ಎರಡನೆಯದು ನಮಗೆ ಸುಲಭ. ಅಲ್ಲಿ ರ ಇಲ್ಲವೇ ಇಲ್ಲ. ‘ಮರ’, ‘ಜನ’ ಪದಗಳ ಕೊನೆಯ ಅ ಹೇಳಿದರೆ ಸಾಕು. ನಮ್ಮ ಆಸ್ಪತ್ರೆಗಳಲ್ಲಿ ಸಿಸ್ಟರ್ ಎಂದು ಕರೆಯುವಂತೆ ಅಲ್ಲೂ ರೋಗಿಗಳು ನರ್ಸನ್ನು ‘ಶ್ವೆಸ್ಟ’ ಎಂದು ಕರೆಯುವುದುಂಟು. ಅರ್ಥವೂ ಅದೇ, ಸಹೋದರಿ. ಬರೆಯುವಾಗ ಕೊನೆಗೆ ಆರ್ ಇದೆ, ಹೇಳುವಾಗ ಇಲ್ಲ. ನೀವು ‘ಶ್ವೆಸ್ಟರು’ ಎಂದು ಓದಿ ಅಭ್ಯಾಸ ಮಾಡಿಕೊಂಡಿದ್ದರೆ ವಾರ್ಡಿನಲ್ಲಿ ಯಾರೋ ‘ಶ್ವೆಸ್ಟ!’ ಎಂದು ಕೂಗಿದಾಗ ನಿಮ್ಮನ್ನೇ ಕರೆದದ್ದು ಎಂದು ಹೊಳೆಯದೇ ಹೋಗಬಹುದು. ತಪ್ಪು ಉಚ್ಚಾರ ಬಾಯಿಗೆ ಮಾತ್ರ ತೊಂದರೆ ಕೊಡುವುದಿಲ್ಲ, ಕಿವಿಯನ್ನೂ ಕೆಡಿಸುತ್ತದೆ.

ಮಸುಕು ಎ ಕಷ್ಟ. ಅದು ‘ಮನೆ’ಯ ಎ ಅಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿದರೆ ಅರ್ಥ ಕೆಡುವುದಿಲ್ಲ, ಆದರೆ ಪ್ರತಿ ಪದದ ಕೊನೆಗೂ ಒಂದು ಒತ್ತು ಬಿದ್ದಂತೆ ಕೇಳಿಸುತ್ತದೆ. ಧಾರವಾಡದ ಕಡೆಯವರಿಗೆ ಬೇರೆ ತೊಂದರೆ. ಮನೆಯನ್ನು ಮನಿ, ತಲೆಯನ್ನು ತಲಿ ಎನ್ನುವ ನಾಲಿಗೆ ‘ಬಿಟೆ’ಯನ್ನು ‘ಬಿಟ್ಟಿ’ ಮಾಡುತ್ತದೆ. ‘ಬಿಟೆ’ ಎಂದರೆ ‘ದಯವಿಟ್ಟು’. ತುಳು ಬಲ್ಲವರಿಗೆ ಇಲ್ಲಿ ಒಂದು ಅನುಕೂಲ ಇದೆ. ತುಳು ಪದಗಳ ಕೊನೆಗೆ ಬರುವ ಅರೆ ಉಕಾರ ಇದಕ್ಕೆ ತಕ್ಕಮಟ್ಟಿಗೆ ಹತ್ತಿರದ ದನಿ, ದವಡೆಯನ್ನು ಇನ್ನೊಂದಿಷ್ಟು ಸಡಿಲ ಬಿಟ್ಟರೆ ಆಯಿತು. ಉಳಿದವರು ಹೀಗೆ ಮಾಡಿ. ಯಾರೋ ಏನೋ ಕೇಳಿದಾಗ ಉತ್ತರ ಹೊಳೆಯದೆ ‘ಅ...’ ಎಂದು ಎಳೆಯುತ್ತೇವಲ್ಲ, ಬಾಯಿ ಅರ್ಧ ತೆರೆದು, ತುಟಿ ನಾಲಿಗೆ ಎಲ್ಲ ಸೋತು ಬಿದ್ದಿರುವಾಗ ಬರುವ ಆ ದನಿಯನ್ನು ತುಂಡು ಮಾಡಿ ಕೊನೆಗೆ ಹಚ್ಚಿ. ‘ಬಿಟೆ’ ದಯವಿಟ್ಟು, ‘ಬಿಟ’ ಕಹಿ. ಈ ಎರಡರ ವ್ಯತ್ಯಾಸ ಬಂದರೆ ‘ಪ್ಫ್ಲೇಗೆ’ (ಆರೈಕೆ) ಮತ್ತು ‘ಪ್ಫ್ಲೇಗ’ (ಆರೈಕೆ ಮಾಡುವ ಗಂಡಸು) ಕೂಡ ಬಂದಂತೆ.

ಬಿಟೆ, ಹಟೆ, ವಸ ಎಂದು ನಾನು ಒಂಟಿ ಅಕ್ಷರದಲ್ಲಿ ಬರೆಯುತ್ತಿರುವುದು ಕೈತಪ್ಪಿನಿಂದ ಅಲ್ಲ. ಜರ್ಮನ್ ಕಾಗುಣಿತದಲ್ಲಿ ಇವಕ್ಕೆ ಎರಡೆರಡು ಅಕ್ಷರ ಇವೆ. ಆದರೆ ಅದು ಹಿಂದಿನ ಸ್ವರ ಗಿಡ್ಡ ಎಂದು ತೋರಿಸುವ ಗುರುತು ಅಷ್ಟೇ. ನಮ್ಮ ‘ಹಳಿ’ ಮತ್ತು ‘ಹಳ್ಳಿ’ಯಂತೆ ನಿಜವಾಗಿ ಎರಡು ಸಲ ಒತ್ತುವುದು ಅಲ್ಲಿ ಇಲ್ಲ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಅವರ ಹೆಸರನ್ನೇ ನೋಡಿ. 1894ರಲ್ಲಿ ಅವರ ನಿಘಂಟು ಬಂತು. ಅಂದಿನಿಂದ ನಾವು ಒತ್ತು ಹಾಕಿ ‘ಕಿಟ್ಟೆಲ್’ ಎನ್ನುತ್ತಿದ್ದೇವೆ. ಅವರ ಊರಿನಲ್ಲಿ ಅದು ಒಂದೇ ಟ, ಆಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸ್ವರ, ಆಮೇಲೆ ಲ್.

ಈಗ ನಿಮ್ಮ ಟ, ಡ. ಕನ್ನಡದಲ್ಲಿ ನಮಗೆ ಎರಡು ಜಾಗ ಇವೆ. ತ ಹೇಳುವಾಗ ನಾಲಿಗೆ ಮೇಲಿನ ಹಲ್ಲಿನ ಹಿಂಭಾಗಕ್ಕೆ ತಾಗುತ್ತದೆ. ಟ ಹೇಳುವಾಗ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಜರ್ಮನ್ ದನಿ ಇವೆರಡರ ನಡುವಿನದು. ಹಲ್ಲು ಮುಗಿದ ಕೂಡಲೇ ಒಸಡಿನ ಮೇಲೆ ಒಂದು ದಿಬ್ಬ ಇದೆ, ನಾಲಿಗೆಯಲ್ಲಿ ಸವರಿ ನೋಡಿ. ಅಲ್ಲಿ. ನಮಗೆ ಆ ಜಾಗದಲ್ಲಿ ತ, ಟ ಇಲ್ಲ, ಆದರೆ ಬೇರೆ ಒಂದು ಅಕ್ಷರ ಇದೆ: ಲ. ಳ ಅಲ್ಲ, ಲ. ‘ಅಲ್...’ ಎಂದು ಎಳೆಯಿರಿ, ನಾಲಿಗೆಯ ತುದಿ ಎಲ್ಲಿದೆಯೋ ಅಲ್ಲೇ ಇರಲಿ, ಅಲ್ಲಿಂದಲೇ ಟ ಹೇಳಿ. ‘ಅಲ್‌ಟ್’. ಹಾಗೆ ಹೇಳಿದರೆ ಜರ್ಮನ್‌ನಲ್ಲಿ ‘ಹಳೆಯ, ವಯಸ್ಸಾದ’ ಎಂಬ ಪದವೇ ಆಯಿತು.

ಟ ಒಂದೇ ಹಿಂದಕ್ಕೆ ಹೋದರೆ ಪರವಾಗಿಲ್ಲ ಎನ್ನಬಹುದಿತ್ತು. ಅದು ಪಕ್ಕದ ನ ಅನ್ನೂ ಎಳೆದುಕೊಂಡು ಹೋಗುತ್ತದೆ. ‘ಸಂತೆ’ ಎಂದು ಹೇಳಿ, ಆಮೇಲೆ ‘ಗಂಟೆ’ ಎಂದು ಹೇಳಿ. ಬರೆಯುವುದು ಒಂದೇ ಸೊನ್ನೆ, ಆದರೆ ಮೊದಲನೆಯದರಲ್ಲಿ ನ್, ಎರಡನೆಯದರಲ್ಲಿ ಣ್. ಜರ್ಮನ್‌ನಲ್ಲಿ ಅತ್ತೆ, ಚಿಕ್ಕಮ್ಮ ಎಲ್ಲರಿಗೂ ಇರುವ ಒಂದೇ ಪದ ‘ಟಂಟೆ’, ಸ್ವರ ಗಿಡ್ಡ. ನಮ್ಮವರು ಅದನ್ನು ಗಂಟೆಯ ಹಾಗೆ ಹೇಳುತ್ತಾರೆ. ಅದು ಸಂತೆಗೂ ಗಂಟೆಗೂ ನಡುವೆ ನಿಲ್ಲಬೇಕು. ಪೂರ್ತಿ ಸಾಧ್ಯವಾಗದಿದ್ದರೆ ಸಂತೆಯ ಕಡೆಗೇ ವಾಲಿ ಎನ್ನುತ್ತೇನೆ ನಾನು. ಮಡಚಿದ ನಾಲಿಗೆಯ ದನಿ ಹಿಂದಿನ ಸ್ವರಕ್ಕೂ ಬಣ್ಣ ಬಳಿಯುತ್ತದೆ. ಹಲ್ಲಿನ ತ ಅಷ್ಟು ಎದ್ದು ಕೇಳಿಸುವುದಿಲ್ಲ.

ಯುರೋಪಿನ ದನಿ ಎಂದರೆ ಟ, ಡ ಎಂದು ನಮಗೆ ಯಾಕೆ ಅನಿಸಿಬಿಟ್ಟಿದೆ? ಇಂಗ್ಲಿಷಿನಿಂದ. ಅವರ ದಿಬ್ಬದ ದನಿ ನಮ್ಮ ಹಿರಿಯರ ಕಿವಿಗೆ ಟ ಎಂದು ಕೇಳಿಸಿತು. ಟಿಕೆಟ್, ಡಾಕ್ಟರ್, ಮಾಸ್ಟರ್ ಎಲ್ಲ ಹಾಗೆ ಬಂದವು. ಆದರೆ ಅದಕ್ಕೂ ಮೊದಲು ಪೋರ್ಚುಗೀಸರಿಂದ ಬಂದ ಪದಗಳನ್ನು ನೋಡಿ. ಮೇಸ್ತ್ರಿ, ಪಾದ್ರಿ. ಇಲ್ಲಿ ತ, ದ. ಯಾಕೆಂದರೆ ಪೋರ್ಚುಗೀಸರು ನಿಜಕ್ಕೂ ಹಲ್ಲಿಗೇ ತಾಗಿಸಿ ಹೇಳುತ್ತಾರೆ. ಮೇಸ್ತ್ರಿ ಮತ್ತು ಮಾಸ್ಟರ್ ಮೂಲದಲ್ಲಿ ಒಂದೇ ಲ್ಯಾಟಿನ್ ಪದ, ಎರಡು ಬಾಗಿಲಿನಿಂದ ನಮ್ಮ ಮನೆಗೆ ಬಂದಿದೆ. ಎರಡು ಸಲವೂ ನಮ್ಮವರ ಕಿವಿ ಎಷ್ಟು ಚುರುಕಾಗಿತ್ತು ನೋಡಿ. ಹಾಗಾಗಿ ನಿಮ್ಮ ಗೆಳತಿ ಯಾರಾದರೂ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಕಲಿಯುತ್ತಿದ್ದರೆ ಈ ದಿಬ್ಬದ ಪಾಠ ಅವರಿಗೆ ಬೇಡ. ಅವರು ನಮ್ಮ ತ, ದ ಹೇಳಿದರೆ ಸಾಕು.

ಜಾಗಕ್ಕಿಂತ ಜಾಸ್ತಿ ಎಡವಟ್ಟು ಮಾಡುವುದು ಉಸಿರು. ಜರ್ಮನ್ ಪದದ ಮೊದಲಿಗೆ ಬರುವ ಕ, ಟ, ಪ ದನಿಗಳ ಜೊತೆ ಒಂದು ಉಸಿರು ಹೊರಬರುತ್ತದೆ, ನಮ್ಮ ಮಹಾಪ್ರಾಣದ ಹಾಗೆ. ಆ ಉಸಿರು ಇಲ್ಲದಿದ್ದರೆ ಅವರಿಗೆ ಅದು ಗ, ಡ, ಬ ಎಂದು ಕೇಳಿಸುತ್ತದೆ. ನಾವು ಕಥೆಯನ್ನು ಕತೆ ಎನ್ನುವವರು, ಮಹಾಪ್ರಾಣ ಪುಸ್ತಕದಲ್ಲಿ ಮಾತ್ರ. ‘ಟೀಅ’ ಎಂದರೆ ಪ್ರಾಣಿ, ‘ಡೀಅ’ ಎಂದರೆ ನಿನಗೆ. ಉಸಿರು ಬಿಡದೆ ಪ್ರಾಣಿ ಎಂದರೆ ನಿನಗೆ ಎಂದಾಗುತ್ತದೆ.

ನನಗೇ ಆದದ್ದು ಹೇಳುತ್ತೇನೆ. ಮೊದಲ ಸಲ ಅಲ್ಲಿಗೆ ಹೋದಾಗ ಒಂದು ರೈಲು ನಿಲ್ದಾಣದಲ್ಲಿ ಲಗೇಜ್ ಇಡುವ ಜಾಗ ಎಲ್ಲಿ ಎಂದು ಒಬ್ಬರನ್ನು ಕೇಳಿದೆ. ಲಗೇಜಿಗೆ ‘ಗೆಪೆಕ್’ ಎನ್ನುತ್ತಾರೆ, ಪ ಮೇಲೆ ಉಸಿರು. ನಾನು ನಮ್ಮ ‘ಅಪ್ಪ’ನ ಪ ಹೇಳಿದೆ. ಅವರು ಬಹಳ ಸೌಜನ್ಯದಿಂದ ಎದುರಿನ ಬೇಕರಿ ತೋರಿಸಿದರು. ‘ಗೆಬೆಕ್’ ಎಂದರೆ ಬಿಸ್ಕತ್ತು, ಬನ್ನು, ಬೇಕರಿ ತಿಂಡಿ. ಎರಡು ಸೂಟ್‌ಕೇಸ್ ಹಿಡಿದುಕೊಂಡು ನಿಂತಿದ್ದರೂ ಅವರು ನನ್ನ ಕೈ ನೋಡಲಿಲ್ಲ, ಪದ ಕೇಳಿದರು.

ಇದಕ್ಕೆ ಪರೀಕ್ಷೆ ಸುಲಭ. ನ್ಯೂಸ್‌ಪೇಪರಿನ ಒಂದು ತೆಳ್ಳನೆ ಪಟ್ಟಿಯನ್ನು ತುಟಿಯಿಂದ ಎರಡು ಬೆರಳಷ್ಟು ದೂರದಲ್ಲಿ ಹಿಡಿಯಿರಿ. ‘ಪಾಟ್ಸಿಯೆಂಟ್’ ಎಂದಾಗ ಪಟ್ಟಿ ಜಿಗಿಯಬೇಕು. ‘ಬಿಟೆ’ ಎಂದಾಗ ಅಲ್ಲಾಡಬಾರದು. ಟ, ಕ ದನಿಗಳಿಗೆ ಪಟ್ಟಿ ಅಷ್ಟು ಜಿಗಿಯುವುದಿಲ್ಲ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಬಿಸಿ ಉಸಿರು ತಾಗುತ್ತದೆಯೇ ನೋಡಿ. ಹಿಂದೆ ಶ್ ಇದ್ದರೆ ಮಾತ್ರ ಉಸಿರು ಬೇಡ. ‘ಶ್ವೆಸ್ಟ’ದ ಟ ಕೂಡ ಹಾಗೆಯೇ, ಸ್ ಹಿಂದೆ ಇದೆ, ನಮ್ಮ ಅಲ್ಪಪ್ರಾಣ ಸಾಕು. ಕನ್ನಡದಲ್ಲಿ ಬರೆದುಕೊಳ್ಳುವಾಗ ಉಸಿರಿನ ಪ ಎಂದು ಫ ಬರೆದುಕೊಳ್ಳಬೇಡಿ. ಈಗ ಎಲ್ಲರೂ ಫ ಅನ್ನು ‘ಫೋನ್’ ಪದದ ಹಾಗೆ ಓದುತ್ತಾರೆ, ಅದು ಜರ್ಮನ್‌ನಲ್ಲಿ ಬೇರೆಯೇ ದನಿ.

ಇನ್ನು ಮೂರು ಸಣ್ಣ ವಿಷಯ, ಬೇಗ ಹೇಳಿಬಿಡುತ್ತೇನೆ. ಎರಡು ಎಂಬುದನ್ನು ಯೆರಡು, ಒಂದು ಎಂಬುದನ್ನು ವೊಂದು ಎನ್ನುವ ಅಭ್ಯಾಸ ಇದ್ದರೆ ‘ಏಅ’ (ಅವನು) ‘ಯೇರು’ ಆಗುತ್ತದೆ. ಪದ ಶುರುವಾಗುವ ಮೊದಲು ಗಂಟಲನ್ನು ಒಂದು ಕ್ಷಣ ಬಿಗಿಹಿಡಿದು ಬಿಟ್ಟರೆ ಈ ಯ ಬರುವುದಿಲ್ಲ, ಜರ್ಮನ್ನರೂ ಹಾಗೆಯೇ ಮಾಡುತ್ತಾರೆ. ಹಾಲನ್ನು ಆಲು ಎನ್ನುವ ಕಡೆಯವರು ಹ ನೋಡಿಕೊಳ್ಳಬೇಕು. ಹ ಬಿದ್ದರೆ ‘ಹುಂಟ್’ (ನಾಯಿ) ಹೋಗಿ ‘ಉಂಟ್’ (ಮತ್ತು) ಆಗುತ್ತದೆ. ಇನ್ನು ಪದದ ಮೊದಲ ಸ ಅನ್ನು ಝ ತರಹ ಹೇಳಬೇಕು ಎಂದು ಪುಸ್ತಕದಲ್ಲಿದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಕ್ಷಿಣ ಜರ್ಮನಿಯಲ್ಲಿ, ಆಸ್ಟ್ರಿಯಾದಲ್ಲಿ ಎಷ್ಟೋ ಜನ ನಮ್ಮ ಹಾಗೆ ಸ ಎಂದೇ ಹೇಳುತ್ತಾರೆ.

ಕನ್ನಡದಲ್ಲಿ ಬರೆದುಕೊಳ್ಳುವುದು ತಪ್ಪಾ ಎಂದು ಕೇಳಿದ್ದೀರಿ. ಪೂರ್ತಿ ಪದವನ್ನು ಕನ್ನಡದಲ್ಲಿ ಬರೆದರೆ ತಪ್ಪು ಎನ್ನುತ್ತೇನೆ, ನಾನೇ ಇಲ್ಲಿ ಹಾಗೆ ಬರೆಯುತ್ತಿದ್ದರೂ! ಟ ಬರೆದ ಕೂಡಲೇ ನಾಲಿಗೆ ಮಡಚುತ್ತದೆ, ಒತ್ತು ಬರೆದ ಕೂಡಲೇ ಒತ್ತಿ ಹೇಳುತ್ತೀರಿ, ಸೊನ್ನೆ ಬರೆದರೆ ಗಂಟೆಯ ಣ್ ಬರುತ್ತದೆ. ಎಲ್‌ಕೆಜಿ, ಯುಕೆಜಿ ಎನ್ನುವಾಗ ಕೊನೆಗೆ ಇರುವ ‘ಕೆಜಿ’ ಜರ್ಮನ್ ಪದವೇ. 1840ರಲ್ಲಿ ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಕರು ತಮ್ಮ ಮಕ್ಕಳ ಶಾಲೆಗೆ ಇಟ್ಟ ಹೆಸರು, ಮಕ್ಕಳ ತೋಟ. ನಾವು ‘ಕಿಂಡರ್‌ಗಾರ್ಟನ್’ ಎಂದು ಬರೆದು ಹಾಗೆಯೇ ಓದುತ್ತೇವೆ. ಅದರಲ್ಲಿ ಇಲ್ಲಿಯವರೆಗೆ ಹೇಳಿದ ಬಲೆಗಳು ಹೆಚ್ಚುಕಡಿಮೆ ಎಲ್ಲ ಇವೆ. ಮೊದಲ ಕ ಜೊತೆ ಉಸಿರು ಬೇಕು. ‘ಂಡ’ ಗುಂಡನ ‘ಂಡ’ ಅಲ್ಲ, ದಿಬ್ಬದ ಮೇಲಿನದು. ‘ಡರ್’ ಅಲ್ಲ, ಬರೀ ಡ. ‘ಗಾರ್ಟನ್’ ಪದದ ರ ಗಂಟಲ ಹತ್ತಿರ ಕರಗಿಹೋಗುತ್ತದೆ. ಕೊನೆಗೆ ಟ ಆದ ಮೇಲೆ ನಾಲಿಗೆಯನ್ನು ಅಲ್ಲಿಂದ ತೆಗೆಯದೆ ಮೂಗಿನಿಂದಲೇ ನ್ ಹೇಳಬೇಕು, ಆಮೇಲೆ ಉ ಸೇರಿಸಬಾರದು.

ಆದ್ದರಿಂದ ಪದವನ್ನು ಜರ್ಮನ್ ಕಾಗುಣಿತದಲ್ಲೇ ಬರೆಯಿರಿ. ಅದರ ಮೇಲೆ ಕನ್ನಡದ ಗುರುತು ಮಾತ್ರ ಹಾಕಿ, ಅದೂ ನೀವು ಎಡವುವ ಜಾಗದಲ್ಲಿ ಮಾತ್ರ. ಕೊನೆಗೆ ಉ ಬರುವ ಭಯ ಇದ್ದರೆ ಕೊನೆಯ ಅಕ್ಷರದ ತಲೆಯ ಮೇಲೆ ನಮ್ಮ ಅರ್ಧಾಕ್ಷರದ ಕೊಕ್ಕೆ. ಮಸುಕು ಎ ಇದ್ದರೆ ಅದರ ಮೇಲೆ ಒಂದು ಸೊನ್ನೆ. ‘ಇ ಆರ್’ ಇದ್ದರೆ ಆರ್ ಹೊಡೆದುಹಾಕಿ ಮೇಲೆ ಅ. ಉಸಿರು ಬೇಕಾದಲ್ಲಿ ಒಂದು ಪುಟ್ಟ ಹ. ಮುಂದಿನ ಪದಕ್ಕೆ ಅಂಟಿಸಬೇಕಾದಲ್ಲಿ ಕೆಳಗೆ ಒಂದು ಬಿಲ್ಲಿನ ಗೆರೆ. ರೋಗಿಯನ್ನು ಒಪ್ಪಿಸುವ ನಿಮ್ಮ ಆ ಎರಡು ವಾಕ್ಯಗಳಿಗೆ ಇವತ್ತೇ ಹೀಗೆ ಗುರುತು ಹಾಕಿ ನೋಡಿ. ‘ಹಟ್’ ಮತ್ತು ‘ಬ್ರೌಖ್ಟ್’ ಮೇಲೆ ಕೊಕ್ಕೆ ಬೀಳುತ್ತದೆ, ಎರಡರ ಕೆಳಗೂ ಬಿಲ್ಲು ಬೀಳುತ್ತದೆ, ‘ಫೀಬ’ ಮತ್ತು ‘ವಸ’ ಪದಗಳಲ್ಲಿ ಆರ್ ಹೋಗುತ್ತದೆ, ‘ಪಾಟ್ಸಿಯೆಂಟ್’ ಮೊದಲಿಗೆ ಒಂದು ಹ, ಕೊನೆಗೆ ಇನ್ನೊಂದು ಕೊಕ್ಕೆ. ಮಸುಕು ಎ ಗುರುತಿನ ಸೊನ್ನೆ ಮಾತ್ರ ಎಲ್ಲೂ ಬರುವುದಿಲ್ಲ. ಬಂದರೆ ನೀವು ಹೇಳುತ್ತಿರುವುದು ನಿನ್ನೆಯ ಜ್ವರ.